ಮೈಟ್ರಲ್ ಕವಾಟದ ‘ಕ್ಲಿಕ್’: ಎಕೋ ವರದಿಯ ಆ ಒಂದು ಸಾಲಿಗೆ ಎಷ್ಟು ಹೆದರಬೇಕು?

ಮೈದಾನದಲ್ಲಿ ಓಡುತ್ತಿದ್ದ ಯುವಕನೋ ಯುವತಿಯೋ ಕುಸಿದು ಬಿದ್ದು ಪ್ರಾಣ ಬಿಟ್ಟ ಸುದ್ದಿ ಬಂದಾಗ, ಬೆನ್ನಲ್ಲೇ ಕಾರಣಗಳ ಹುಡುಕಾಟವೂ ಶುರುವಾಗುತ್ತದೆ. ಆ ಹುಡುಕಾಟದಲ್ಲಿ ಕೆಲವೊಮ್ಮೆ ‘ಮೈಟ್ರಲ್ ಕವಾಟದ ಪ್ರೊಲ್ಯಾಪ್ಸ್’ ಎಂಬ ಹೆಸರು ಕೇಳಿಬರುತ್ತದೆ. ಓದುಗರಲ್ಲಿ ಹಲವರಿಗೆ ಈ ಹೆಸರು ಹೊಸದಲ್ಲ. ಅವರದೇ ಹಳೆಯ ಎಕೋ ವರದಿಯಲ್ಲಿ, ಮಗಳ ವರದಿಯಲ್ಲಿ, ತಮ್ಮನ ವರದಿಯಲ್ಲಿ ಅದು ಇದೆ. ಅದನ್ನು ಕೊಟ್ಟ ವೈದ್ಯರು ‘ಇದಕ್ಕೆಲ್ಲ ಹೆದರಬೇಡಿ, ಏನೂ ಆಗೋದಿಲ್ಲ’ ಎಂದು ಹೇಳಿ ಕಳಿಸಿದ್ದರು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಈ ಸ್ಥಿತಿ ಇರುವವರು ಹಲ್ಲಿನ ಚಿಕಿತ್ಸೆಗೆ ಮೊದಲು ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು ಎಂಬ ದಶಕಗಳ ಸಲಹೆಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಕೈಬಿಟ್ಟಿತು. ಅಂದರೆ ಇದು ಅಂದುಕೊಂಡಷ್ಟು ಗಂಭೀರವಲ್ಲ ಎಂಬ ಸಂದೇಶ. 2022ರಲ್ಲಿ ಯುರೋಪಿನ ಹೃದಯ ಲಯ ತಜ್ಞರ ಸಂಘ ಇದೇ ಪ್ರೊಲ್ಯಾಪ್ಸ್‌ನಿಂದ ಬರಬಹುದಾದ ಅಪಾಯಕಾರಿ ಲಯ ದೋಷಗಳ ಬಗ್ಗೆಯೇ ಒಂದು ಪ್ರತ್ಯೇಕ ಒಮ್ಮತದ ಹೇಳಿಕೆ ಹೊರಡಿಸಿತು. ಅಂದರೆ ಜಾಗ್ರತೆ ಬೇಕು ಎಂಬ ಸಂದೇಶ. ಎರಡನ್ನೂ ಓದಿದವರು ಯಾವುದನ್ನು ನಂಬಬೇಕು?

ಎರಡೂ ನಿಜ. ಆದರೆ ಎರಡೂ ಒಂದೇ ಜನರ ಬಗ್ಗೆ ಹೇಳಿದ ಮಾತಲ್ಲ. ಒಂದೇ ಹೆಸರಿನ ಅಡಿಯಲ್ಲಿ ತೀರ ಸಾಧುವಾದ ದೊಡ್ಡ ಗುಂಪೊಂದು, ನಿಗಾ ಬೇಕಾದ ಸಣ್ಣ ಗುಂಪೊಂದು ಸೇರಿಕೊಂಡಿವೆ. ಇವನ್ನು ಬೇರ್ಪಡಿಸುವುದು ಹೇಗೆಂದು ತಿಳಿಯಬೇಕಾದರೆ, ಕವಾಟದೊಳಗೆ ಆಗುವುದೇನು ಎಂಬಲ್ಲಿಂದ ಶುರು ಮಾಡಬೇಕು.

ಕವಾಟ ಹಿಂದಕ್ಕೆ ಉಬ್ಬುವುದು ಎಂದರೆ

ಹೃದಯದ ಎಡಭಾಗದಲ್ಲಿ ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಇರುವುದು ಮೈಟ್ರಲ್ ಕವಾಟ. ಅದಕ್ಕೆ ಎರಡು ತೆಳು ಎಸಳುಗಳು: ಮುಂದೊಂದು, ಹಿಂದೊಂದು. ಎರಡೂ ಒಂದು ಉಂಗುರಕ್ಕೆ ಅಂಟಿಕೊಂಡಿವೆ. ಎಸಳುಗಳ ಅಂಚಿನಿಂದ ಸಣ್ಣ ತಂತುಗಳು ಕೆಳಗಿಳಿದು, ಕೆಳಕೋಣೆಯ ಗೋಡೆಯಿಂದ ಎದ್ದ ಪ್ಯಾಪಿಲರಿ ಸ್ನಾಯುಗಳನ್ನು ಸೇರುತ್ತವೆ. ಕೆಳಕೋಣೆ ಸಂಕುಚಿಸಿ ರಕ್ತವನ್ನು ದೇಹಕ್ಕೆ ತಳ್ಳುವಾಗ ಎಸಳುಗಳು ಒಂದಕ್ಕೊಂದು ಒತ್ತಿ ಮುಚ್ಚಿಕೊಳ್ಳುತ್ತವೆ. ರಕ್ತದ ಒತ್ತಡಕ್ಕೆ ಅವು ಮೇಲ್ಕೋಣೆಯ ಕಡೆಗೆ ಮಗುಚಿಕೊಳ್ಳದಂತೆ ತಂತುಗಳು ಹಿಡಿದಿಡುತ್ತವೆ.

ಕೆಲವರಲ್ಲಿ ಎಸಳಿನ ಒಳಪದರ ಸಡಿಲವಾಗಿರುತ್ತದೆ, ಎಸಳು ಬೇಕಾದುದಕ್ಕಿಂತ ಅಗಲವಾಗಿರುತ್ತದೆ, ತಂತುಗಳು ತುಸು ಉದ್ದವಾಗಿರುತ್ತವೆ. ಆಗ ಮುಚ್ಚಿದ ಎಸಳು ಉಂಗುರದ ಮಟ್ಟ ದಾಟಿ ಮೇಲ್ಕೋಣೆಯೊಳಕ್ಕೆ ಉಬ್ಬುತ್ತದೆ. ಪ್ರೊಲ್ಯಾಪ್ಸ್ ಎಂದರೆ ಇಷ್ಟೇ. ಉಬ್ಬಿದ ಎಸಳುಗಳ ಅಂಚುಗಳು ಆಗಲೂ ಸರಿಯಾಗಿ ಕೂಡಿಕೊಂಡಿದ್ದರೆ ರಕ್ತ ಸೋರುವುದಿಲ್ಲ. ಅಂಚುಗಳ ನಡುವೆ ಸಂದು ಬಿದ್ದರೆ ಮಾತ್ರ ಒಂದಷ್ಟು ರಕ್ತ ಹಿಂದಕ್ಕೆ ಹೋಗುತ್ತದೆ. ಉಬ್ಬುವುದು ಬೇರೆ, ಸೋರುವುದು ಬೇರೆ. ಮುಂದಿನ ಬಹುಪಾಲು ವಿಚಾರ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಸದ್ದು ಹುಟ್ಟುವುದೆಲ್ಲಿ, ಅದು ಜಾಗ ಬದಲಿಸುವುದೇಕೆ

ಸ್ಟೆತಸ್ಕೋಪ್ ಇಟ್ಟಾಗ ಕೇಳುವ ‘ಲಬ್-ಡಬ್’ ಸದ್ದುಗಳಲ್ಲಿ ಮೊದಲನೆಯದು ಮೈಟ್ರಲ್ ಮತ್ತು ಅದರ ಜೊತೆಗಾರ ಕವಾಟ ಮುಚ್ಚುವಾಗ ಬರುತ್ತದೆ. ಎರಡನೆಯದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಬಾಯಿಯ ಕವಾಟಗಳು ಮುಚ್ಚುವಾಗ ಬರುತ್ತದೆ. ನಡುವಿನ ಅವಧಿ ಸುಮಾರು 0.3 ಸೆಕೆಂಡ್. ಆ ಹೊತ್ತಿನಲ್ಲೇ ಕೆಳಕೋಣೆ ಹಿಂಡಿಕೊಂಡು ಕಿರಿದಾಗುತ್ತಾ ಹೋಗುತ್ತದೆ.

ಕೋಣೆ ಕಿರಿದಾಗುತ್ತದೆ, ಆದರೆ ಎಸಳು ಮತ್ತು ತಂತುಗಳ ಉದ್ದ ಬದಲಾಗುವುದಿಲ್ಲ. ಕೋಣೆ ದೊಡ್ಡದಾಗಿರುವಷ್ಟು ಹೊತ್ತು ತಂತುಗಳು ಬಿಗಿಯಾಗಿಯೇ ಇರುತ್ತವೆ, ಎಸಳು ತನ್ನ ಜಾಗದಲ್ಲಿರುತ್ತದೆ. ಕೋಣೆ ಒಂದು ಮಿತಿಗಿಂತ ಕಿರಿದಾದಾಗ ಹೆಚ್ಚುವರಿ ಉದ್ದಕ್ಕೆ ಸಡಿಲ ಸಿಗುತ್ತದೆ. ಎಸಳು ಥಟ್ಟನೆ ಹಿಂದಕ್ಕೆ ಜಾರಿ, ತಂತುವಿನ ಕೊನೆ ತಲುಪಿ, ಅಲ್ಲೇ ಬಿಗಿದು ನಿಲ್ಲುತ್ತದೆ. ಗಾಳಿ ತುಂಬಿದ ಹಾಯಿ ಹಗ್ಗದ ಕೊನೆಗೆ ಬಂದು ‘ಟಪ್’ ಎಂದು ಬಿಗಿಯುವ ಹಾಗೆ. ಆ ಬಿಗಿತದ ಸದ್ದೇ ‘ಕ್ಲಿಕ್’. ಲಬ್‌ಗೂ ಡಬ್‌ಗೂ ನಡುವೆ ಗಟ್ಟಿಯಾಗಿ, ಚಿಕ್ಕದಾಗಿ ಕೇಳುವ ಒಂದು ಹೆಚ್ಚುವರಿ ಸದ್ದು. ಆ ಕ್ಷಣದಿಂದ ಎಸಳುಗಳ ನಡುವೆ ಸಂದು ಬಿದ್ದರೆ, ಕ್ಲಿಕ್ ಆದ ಮೇಲೆ ಎರಡನೆಯ ಸದ್ದಿನವರೆಗೆ ‘ಶ್ಶ್’ ಎಂಬ ಮರ್ಮರ ಮುಂದುವರಿಯುತ್ತದೆ. ಅದು ರಕ್ತ ಹಿಂದಕ್ಕೆ ಸೋರುವ ಸದ್ದು. ಸೋರಿಕೆ ಇಲ್ಲದವರಲ್ಲಿ ಕ್ಲಿಕ್ ಮಾತ್ರ ಇರುತ್ತದೆ, ಮರ್ಮರ ಇರುವುದಿಲ್ಲ.

ಈ ವಿವರಣೆ ಸರಿಯಿದ್ದರೆ ಒಂದು ಭವಿಷ್ಯ ನುಡಿಯಬಹುದು: ಕೆಳಕೋಣೆಯಲ್ಲಿ ತುಂಬುವ ರಕ್ತವನ್ನು ಕಡಿಮೆ ಮಾಡಿದರೆ ಕೋಣೆ ಆ ಮಿತಿಯನ್ನು ಬೇಗ ತಲುಪುತ್ತದೆ, ಹಾಗಾಗಿ ಕ್ಲಿಕ್ ಬೇಗ ಬರಬೇಕು. ಮಂಚದ ಪಕ್ಕದಲ್ಲಿ, ಯಾವ ಯಂತ್ರವೂ ಇಲ್ಲದೆ, ವೈದ್ಯರು ಪರೀಕ್ಷಿಸುವುದು ಇದನ್ನೇ. ಮಲಗಿದ್ದವರನ್ನು ಎದ್ದು ನಿಲ್ಲಿಸಿದರೆ ರಕ್ತ ಕಾಲಿನ ಕಡೆ ಇಳಿದು ಹೃದಯಕ್ಕೆ ಮರಳುವುದು ತುಸು ಕಡಿಮೆಯಾಗುತ್ತದೆ. ಕ್ಲಿಕ್ ಮೊದಲ ಸದ್ದಿನ ಹತ್ತಿರಕ್ಕೆ ಸರಿಯುತ್ತದೆ, ಮರ್ಮರ ಉದ್ದವಾಗುತ್ತದೆ. ಕುಕ್ಕರಗಾಲಿನಲ್ಲಿ ಕೂರಿಸಿದರೆ ಕಾಲಿನ ರಕ್ತ ಮೇಲಕ್ಕೆ ಬಂದು ಕೋಣೆ ಹಿಗ್ಗುತ್ತದೆ. ಕ್ಲಿಕ್ ಎರಡನೆಯ ಸದ್ದಿನ ಕಡೆಗೆ ಹೋಗುತ್ತದೆ, ಮರ್ಮರ ಮೊಟಕಾಗುತ್ತದೆ.

ಭಂಗಿಯೊಂದಿಗೆ ಹೀಗೆ ಓಡಾಡುವುದೇ ಈ ಕ್ಲಿಕ್‌ನ ಗುರುತು. ಮಹಾಪಧಮನಿಯ ಕವಾಟದಲ್ಲಿ ಹುಟ್ಟಿನಿಂದಲೇ ಮೂರರ ಬದಲು ಎರಡು ಎಸಳಿರುವವರಲ್ಲೂ ಒಂದು ಕ್ಲಿಕ್ ಬರುತ್ತದೆ. ಆದರೆ ಅದು ಮೊದಲ ಸದ್ದಿನ ಬೆನ್ನಿಗೇ ಬರುತ್ತದೆ, ನಿಂತರೂ ಕೂತರೂ ಕದಲುವುದಿಲ್ಲ. ಸಾಮಾನ್ಯವಾದ ನಿರುಪದ್ರವಿ ಮರ್ಮರಗಳು ನಿಂತಾಗ ಮೆದುವಾಗುತ್ತವೆ, ಪ್ರೊಲ್ಯಾಪ್ಸ್‌ನ ಮರ್ಮರ ನಿಂತಾಗ ಬೆಳೆಯುತ್ತದೆ.

ರೋಗಿಗಳನ್ನು ಕಂಗೆಡಿಸುವ ಇನ್ನೊಂದು ಸಂಗತಿಯೂ ಇದರಿಂದಲೇ ಅರ್ಥವಾಗುತ್ತದೆ. ಒಬ್ಬ ವೈದ್ಯರು ‘ಮರ್ಮರ ಇದೆ’ ಎನ್ನುತ್ತಾರೆ, ಎರಡು ತಿಂಗಳ ನಂತರ ಇನ್ನೊಬ್ಬರು ‘ಏನೂ ಕೇಳುತ್ತಿಲ್ಲ’ ಎನ್ನುತ್ತಾರೆ. ಇಬ್ಬರೂ ಸರಿಯಿರಬಹುದು. ದೇಹದಲ್ಲಿ ನೀರಿನಂಶ ಕಡಿಮೆಯಾದ ದಿನ ಸದ್ದು ಎದ್ದು ಕೇಳುತ್ತದೆ. ಗರ್ಭಿಣಿಯರಲ್ಲಿ ರಕ್ತದ ಪ್ರಮಾಣ ಹೆಚ್ಚಿ ಕೋಣೆ ಹಿಗ್ಗುವುದರಿಂದ ಕ್ಲಿಕ್ ಮತ್ತು ಮರ್ಮರ ಎರಡೂ ಮಾಯವಾಗಬಹುದು. ಸದ್ದು ಬಂದುಹೋಗುವುದು ಕಾಯಿಲೆ ಏರಿಳಿಯುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೃದಯದ ಹೊರಗಿನ ಸದ್ದು ಎಂದು ನಂಬಿದ್ದ ಕಾಲ

ಈ ಕ್ಲಿಕ್ ಅನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ವೈದ್ಯರು ಗಮನಿಸಿದ್ದರು. ಫ್ರಾನ್ಸಿನ ಲೂಯಿ ಗಾಲವಾರ್ದಾನ್ 1913ರಲ್ಲಿ, ಹೃದಯದ ಹೊರ ಪೊರೆಯ ಅಂಟುವಿಕೆಗಳಿಂದ ಈ ಸದ್ದು ಬರುತ್ತದೆ ಎಂದು ವಾದಿಸಿದರು. ಮುಂದಿನ ಐವತ್ತು ವರ್ಷ ಬಹುತೇಕರು ಅದನ್ನೇ ಒಪ್ಪಿಕೊಂಡರು. 1963ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಜಾನ್ ಬಾರ್ಲೋ ಮತ್ತು ಸಂಗಡಿಗರು, ಇಂಥ ಸದ್ದಿದ್ದವರ ಹೃದಯದೊಳಕ್ಕೆ ಬಣ್ಣದ ದ್ರವ ಹಾಯಿಸಿ ಎಕ್ಸ್-ರೇ ಚಲನಚಿತ್ರ ತೆಗೆದು, ಸದ್ದಿನ ಮೂಲ ಮೈಟ್ರಲ್ ಕವಾಟವೇ ಎಂದು ತೋರಿಸಿದರು. ಮೂರು ವರ್ಷಗಳ ನಂತರ ಅಮೆರಿಕದ ಜಾನ್ ಮೈಕೆಲ್ ಕ್ರೈಲಿ ಅದಕ್ಕೆ ಪ್ರೊಲ್ಯಾಪ್ಸ್ ಎಂಬ ಹೆಸರು ಕೊಟ್ಟರು.

ಅಲ್ಲಿಯವರೆಗೆ ಸದ್ದನ್ನು ಕಡೆಗಣಿಸಲಾಗಿತ್ತು. ಅಲ್ಲಿಂದ ಮುಂದೆ ಕಥೆ ಇನ್ನೊಂದು ತುದಿಗೆ ಹೋಯಿತು.

ಒಂದು ಕೋನ ಸೃಷ್ಟಿಸಿದ ರೋಗಿಗಳು

1970ರ ದಶಕದಲ್ಲಿ ಎಕೋ ಯಂತ್ರ ವ್ಯಾಪಕವಾಗಿ ಬಳಕೆಗೆ ಬಂದಿತು. ಎದೆಯ ಮೇಲೆ ಉಪಕರಣ ಇಟ್ಟರೆ ಸಾಕು, ಕವಾಟ ಪರದೆಯ ಮೇಲೆ ಕಾಣುತ್ತದೆ. ಪ್ರೊಲ್ಯಾಪ್ಸ್ ಹುಡುಕುವುದು ಸುಲಭವಾಯಿತು, ಹುಡುಕಿದವರಿಗೆಲ್ಲ ಅದು ಸಿಗತೊಡಗಿತು. ಏನೂ ತೊಂದರೆಯಿಲ್ಲದ ಯುವಜನರ ಕೆಲವು ಅಧ್ಯಯನಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಈ ಹಣೆಪಟ್ಟಿ ಬಿತ್ತು. ಆರೋಗ್ಯವಂತರಲ್ಲಿ ಇಷ್ಟೊಂದು ಮಂದಿಯ ಕವಾಟ ದೋಷಪೂರಿತ ಎಂದರೆ, ಅನುಮಾನ ಬರಬೇಕಾದುದು ಕವಾಟದ ಮೇಲಲ್ಲ, ಅಳತೆಯ ಮೇಲೆ.

ಆ ಅನುಮಾನವನ್ನು ಕೊನೆತನಕ ಬೆನ್ನಟ್ಟಿದವರು ಬಾಸ್ಟನ್‌ನ ರಾಬರ್ಟ್ ಲೆವೈನ್ ಮತ್ತು ಅವರ ತಂಡ. ಕವಾಟದ ಉಂಗುರ ಸಮತಟ್ಟಾಗಿದೆ ಎಂದು ಅದುವರೆಗೆ ಎಲ್ಲರೂ ಊಹಿಸಿದ್ದರು. 1980ರ ದಶಕದ ಕೊನೆಯಲ್ಲಿ ಈ ತಂಡ ಮೂರು ಆಯಾಮಗಳಲ್ಲಿ ಅದನ್ನು ಮರುರಚಿಸಿ ನೋಡಿದಾಗ ಅದು ಸಮತಟ್ಟಾಗಿರಲಿಲ್ಲ. ಮುಂದೆ ಮತ್ತು ಹಿಂದೆ ಎತ್ತರ, ಎರಡು ಪಕ್ಕಗಳಲ್ಲಿ ತಗ್ಗು. ಹೃದಯದ ನಾಲ್ಕೂ ಕೋಣೆ ಒಟ್ಟಿಗೆ ಕಾಣುವ ಕೋನದಲ್ಲಿ ಎಕೋ ನೋಡಿದರೆ ಸಿಗುವುದು ಆ ತಗ್ಗಿನ ಬಿಂದುಗಳು. ಅವೆರಡರ ನಡುವೆ ಗೆರೆ ಎಳೆದರೆ, ಯಾವ ದೋಷವೂ ಇಲ್ಲದ ಎಸಳು ಕೂಡ ಗೆರೆಯ ಮೇಲೆ ಉಬ್ಬಿದಂತೆ ಕಾಣುತ್ತದೆ. ಎತ್ತರದ ಬಿಂದುಗಳು ಸಿಗುವ ಉದ್ದಕೋನದಲ್ಲಿ ನೋಡಿದರೆ ಅದೇ ಎಸಳು ಗೆರೆಯ ಕೆಳಗೇ ಇರುತ್ತದೆ. ಕಾಯಿಲೆ ಇದ್ದುದು ರೋಗಿಯಲ್ಲಿ ಅಲ್ಲ, ನೋಡಿದ ಕೋನದಲ್ಲಿ.

ಈಗಿನ ಮಾನದಂಡ ಹುಟ್ಟಿದ್ದು ಇದರಿಂದ. ಉದ್ದಕೋನದಲ್ಲಿ ನೋಡಿದಾಗ ಎಸಳು ಉಂಗುರದ ಮಟ್ಟಕ್ಕಿಂತ ಕನಿಷ್ಠ 2 ಮಿಲಿಮೀಟರ್ ಮೇಲಕ್ಕೆ ಉಬ್ಬಿರಬೇಕು. ಎಸಳಿನ ದಪ್ಪ 5 ಮಿ.ಮೀ. ಅಥವಾ ಹೆಚ್ಚಿದ್ದರೆ ಅದು ಪ್ರರೂಪದ, ಅಂದರೆ ‘ಕ್ಲಾಸಿಕ್’ ಬಗೆ. ಕಡಿಮೆಯಿದ್ದರೆ ಸೌಮ್ಯ ಬಗೆ.

ಈ ಮಾನದಂಡ ಹಿಡಿದು ಜನಸಾಮಾನ್ಯರನ್ನು ಪರೀಕ್ಷಿಸಿದ ಅಧ್ಯಯನ 1999ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಿಂದ ಬಂತು. ಅಲ್ಲಿ 3,491 ಜನರ ಎಕೋ ನೋಡಿದಾಗ ಪ್ರೊಲ್ಯಾಪ್ಸ್ ಇದ್ದವರು 84 ಮಂದಿ, ಅಂದರೆ ಶೇ. 2.4. ಇವರಲ್ಲಿ ಹೃದಯ ವೈಫಲ್ಯ, ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್, ಪಾರ್ಶ್ವವಾಯು, ಎದೆನೋವು, ಪ್ರಜ್ಞೆ ತಪ್ಪುವುದು ಯಾವುದೂ ಉಳಿದವರಿಗಿಂತ ಹೆಚ್ಚಿರಲಿಲ್ಲ.

ಎದೆಬಡಿತಕ್ಕೂ ಕವಾಟಕ್ಕೂ ಸಂಬಂಧ ಕಟ್ಟಿದ್ದು ಹೇಗೆ

ಹಾಗಾದರೆ ಎದೆನೋವು, ಢವಢವ, ಸುಸ್ತು, ಗಾಬರಿ ಎಲ್ಲವನ್ನೂ ಈ ಕವಾಟದ ತಲೆಗೆ ಕಟ್ಟಿದ ದಶಕಗಳ ಬರಹಕ್ಕೆ ಆಧಾರ ಏನಿತ್ತು? ಆಸ್ಪತ್ರೆಗೆ ಬಂದವರನ್ನೇ ಎಣಿಸಿದ್ದು. ಎದೆ ಢವಗುಟ್ಟಿದವರಿಗೆ ಎಕೋ ಮಾಡುತ್ತಾರೆ, ಅವರಲ್ಲಿ ಕೆಲವರಿಗೆ ಪ್ರೊಲ್ಯಾಪ್ಸ್ ಕಾಣುತ್ತದೆ. ಎದೆ ಢವಗುಟ್ಟದ, ಆದರೂ ಪ್ರೊಲ್ಯಾಪ್ಸ್ ಇರುವ ಬಹಳಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲೇ ಹತ್ತಿರುವುದಿಲ್ಲ, ಹಾಗಾಗಿ ಎಣಿಕೆಗೂ ಬರುವುದಿಲ್ಲ. ಉಳಿಯುವ ಪಟ್ಟಿಯಲ್ಲಿ ಪ್ರೊಲ್ಯಾಪ್ಸ್ ಇದ್ದವರೆಲ್ಲರಿಗೂ ತೊಂದರೆ ಇದೆ ಎಂದೇ ಕಾಣುತ್ತದೆ.

ಆದ್ದರಿಂದ ಎದೆಬಡಿತ ಸುಳ್ಳು ಎಂದಾಗುವುದಿಲ್ಲ. ಅದು ನಿಜವಾದ ಅನುಭವ, ಅದಕ್ಕೆ ಬೇರೆ ಕಾರಣ ಹುಡುಕಬೇಕು ಎಂದಷ್ಟೇ ಅರ್ಥ: ರಕ್ತಹೀನತೆ, ಥೈರಾಯಿಡ್ ಏರುಪೇರು, ನಿದ್ದೆಗೇಡು, ಆತಂಕ, ಹೆಚ್ಚಿನ ಕಾಫಿ. ‘ನಿಮ್ಮ ಕವಾಟದಿಂದಲೇ ಇದೆಲ್ಲ’ ಎಂದು ಹೇಳಿದಾಗ ಆಗುವ ದೊಡ್ಡ ನಷ್ಟವೆಂದರೆ ಈ ಹುಡುಕಾಟ ಅಲ್ಲಿಗೇ ನಿಂತುಹೋಗುವುದು. ಸುಲಭವಾಗಿ ಸರಿಪಡಿಸಬಹುದಾದ ರಕ್ತಹೀನತೆ ವರ್ಷಗಟ್ಟಲೆ ಉಳಿದು, ಸರಿಪಡಿಸುವ ಅಗತ್ಯವೇ ಇಲ್ಲದ ಕವಾಟ ಗಮನವನ್ನೆಲ್ಲ ತಿನ್ನುತ್ತದೆ.

ಒಂದು ವರದಿಯನ್ನು ಸಾಲುಸಾಲಾಗಿ ಓದಿದರೆ

ಇಪ್ಪತ್ತಾರು ವರ್ಷದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳೋಣ. ರಾತ್ರಿ ಮಲಗಿದಾಗ ಎದೆ ಒಮ್ಮೊಮ್ಮೆ ಒಂದು ಬಡಿತ ತಪ್ಪಿದಂತೆ ಅನಿಸುತ್ತದೆ. ಮೆಟ್ಟಿಲು ಹತ್ತಲು ತೊಂದರೆಯಿಲ್ಲ, ಎಂದೂ ಪ್ರಜ್ಞೆ ತಪ್ಪಿಲ್ಲ, ಮನೆಯಲ್ಲಿ ಯಾರೂ ಸಣ್ಣ ವಯಸ್ಸಿನಲ್ಲಿ ಹಠಾತ್ತನೆ ಸತ್ತಿಲ್ಲ. ವೈದ್ಯರು ಪರೀಕ್ಷಿಸಿದಾಗ ನಡುವೆ ಒಂದು ಕ್ಲಿಕ್, ಎದ್ದು ನಿಂತಾಗ ಅದರ ಹಿಂದೆ ಸಣ್ಣ ಮರ್ಮರ.

ಎಕೋ ವರದಿ ಹೀಗಿದೆ: ಹಿಂಭಾಗದ ಎಸಳು ಉದ್ದಕೋನದಲ್ಲಿ 3 ಮಿ.ಮೀ. ಉಬ್ಬಿದೆ. ದಪ್ಪ 3 ಮಿ.ಮೀ. ಅಲ್ಪ ಸೋರಿಕೆ. ಕೆಳಕೋಣೆ ಹಿಂಡಿದಾಗಿನ ಅಳತೆ 30 ಮಿ.ಮೀ. ಪ್ರತಿ ಬಡಿತದಲ್ಲಿ ಹೊರಹೋಗುವ ರಕ್ತದ ಪ್ರಮಾಣ, ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್, ಶೇ. 64. ಮೇಲ್ಕೋಣೆಯ ಗಾತ್ರ ಸಹಜ.

ಮೊದಲ ಪ್ರಶ್ನೆ: ಪ್ರೊಲ್ಯಾಪ್ಸ್ ನಿಜವಾಗಿಯೂ ಇದೆಯೇ? ಸರಿಯಾದ ಕೋನದಲ್ಲಿ 2 ಮಿ.ಮೀ. ದಾಟಿದೆ, ಆದ್ದರಿಂದ ಇದೆ. ದಪ್ಪ 5ಕ್ಕಿಂತ ಕಡಿಮೆ, ಆದ್ದರಿಂದ ಸೌಮ್ಯ ಬಗೆ. ಎರಡನೆಯ ಪ್ರಶ್ನೆ: ಸೋರಿಕೆ ಹೃದಯಕ್ಕೆ ಭಾರವಾಗಿದೆಯೇ? ವರ್ಷಗಟ್ಟಲೆ ಹೆಚ್ಚು ರಕ್ತ ಹಿಂದಕ್ಕೆ ಹೋಗುತ್ತಿದ್ದರೆ ಮೇಲ್ಕೋಣೆ ಹಿಗ್ಗುತ್ತದೆ, ಆಮೇಲೆ ಕೆಳಕೋಣೆಯೂ ಹಿಗ್ಗುತ್ತದೆ. ಇಲ್ಲಿ ಎರಡೂ ಸಹಜ. ಅಲ್ಪ ಸೋರಿಕೆ ಎಂಬ ಪದಕ್ಕೆ ಹೆದರಬೇಕಿಲ್ಲ, ತೀರ ಆರೋಗ್ಯವಂತ ಕವಾಟಗಳಲ್ಲೂ ಚೂರು ಸೋರಿಕೆ ಎಕೋದಲ್ಲಿ ಕಾಣುವುದು ಮಾಮೂಲು. ಮೂರನೆಯ ಪ್ರಶ್ನೆ: ಲಯದ ಅಪಾಯವಿದೆಯೇ? ಇಸಿಜಿ ಸಹಜವಾಗಿದೆ. ಇಡೀ ದಿನದ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಸುಮಾರು ಒಂದು ಲಕ್ಷ ಬಡಿತಗಳ ನಡುವೆ ಕೆಳಕೋಣೆಯಿಂದ ಬಂದ ನಲವತ್ತು ಅಕಾಲಿಕ ಬಡಿತಗಳು. ಇಷ್ಟು ಯಾರಲ್ಲಾದರೂ ಇರಬಹುದು. ರಾತ್ರಿ ‘ಬಡಿತ ತಪ್ಪಿದ’ ಅನುಭವ ಈ ಅಕಾಲಿಕ ಬಡಿತಗಳದೇ.

ಆಕೆಗೆ ಬೇಕಾದದ್ದು ಹಿಮೋಗ್ಲೋಬಿನ್ ಮತ್ತು ಥೈರಾಯಿಡ್ ಪರೀಕ್ಷೆ, ನಿದ್ದೆಯ ಬಗ್ಗೆ ಒಂದು ಮಾತು, ಮೂರರಿಂದ ಐದು ವರ್ಷಕ್ಕೆ ಇನ್ನೊಂದು ಎಕೋ. ಮಾತ್ರೆ ಬೇಡ. ಓಟ, ಈಜು, ಗರ್ಭಧಾರಣೆ ಯಾವುದಕ್ಕೂ ಅಡ್ಡಿಯಿಲ್ಲ.

ವರದಿ ಓದುವಾಗ ವೈದ್ಯರೂ ಎಡವುವ ಒಂದು ಜಾಗವಿದೆ. ಎಕೋದಲ್ಲಿ ಸೋರಿಕೆಯನ್ನು ಬಣ್ಣದಲ್ಲಿ ತೋರಿಸುತ್ತಾರೆ. ಸೋರಿಕೆ ಹೆಚ್ಚಾಗಿರುವ ಒಂದೇ ಚಿತ್ರ ಹಿಡಿದು ಅಳೆದರೆ ದೊಡ್ಡದಾಗಿ ಕಾಣಬಹುದು. ಆದರೆ ಕ್ಲಿಕ್ ಆದ ಮೇಲಷ್ಟೇ ಶುರುವಾಗುವ ಸೋರಿಕೆ, ಹಿಂಡುವ ಅವಧಿಯ ಉತ್ತರಾರ್ಧದಲ್ಲಿ ಮಾತ್ರ ಇರುತ್ತದೆ. ಇಡೀ ಅವಧಿ ಸೋರುವುದಕ್ಕೂ ಅರ್ಧ ಅವಧಿ ಸೋರುವುದಕ್ಕೂ ಒಟ್ಟು ಪ್ರಮಾಣದಲ್ಲಿ ಬಹಳ ಅಂತರ. ‘ತೀವ್ರ ಸೋರಿಕೆ’ ಎಂದು ಬರೆದ ವರದಿಯಲ್ಲಿ ಎರಡೂ ಕೋಣೆಗಳ ಗಾತ್ರ ಸಹಜವಾಗಿದ್ದರೆ, ಸೋರಿಕೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳುವುದು ನ್ಯಾಯ.

ನಿಜವಾದ ಅಪಾಯ ಎರಡು ಕಡೆ

ಮೊದಲನೆಯದು ಸೋರಿಕೆ ಬೆಳೆಯುವುದು. ದಪ್ಪನೆಯ, ಅಗಲವಾದ ಎಸಳುಗಳಿರುವ ಒಂದು ಸಣ್ಣ ಪಾಲಿನವರಲ್ಲಿ, ಹೆಚ್ಚಾಗಿ ನಡುವಯಸ್ಸಿನ ನಂತರ, ಉಂಗುರ ಹಿಗ್ಗಿ ತಂತು ಉದ್ದವಾಗಿ ಸೋರಿಕೆ ತೀವ್ರವಾಗುತ್ತದೆ. ಪ್ರೊಲ್ಯಾಪ್ಸ್ ಹೆಂಗಸರಲ್ಲಿ ಹೆಚ್ಚು ಪತ್ತೆಯಾದರೂ, ಶಸ್ತ್ರಚಿಕಿತ್ಸೆಯವರೆಗೆ ಹೋಗುವವರಲ್ಲಿ ಗಂಡಸರು ಹೆಚ್ಚು. ತೀವ್ರ ಸೋರಿಕೆ ಇದ್ದೂ ರೋಗಿಗೆ ಏನೂ ಅನಿಸದೇ ಇರಬಹುದು, ಏಕೆಂದರೆ ಹೃದಯ ನಿಧಾನವಾಗಿ ಹೊಂದಿಕೊಂಡಿರುತ್ತದೆ. ಆದ್ದರಿಂದಲೇ ವೈದ್ಯರು ಅಂಕಿಗಳನ್ನು ಕಾಯುತ್ತಾರೆ: ಇಜೆಕ್ಷನ್ ಫ್ರ್ಯಾಕ್ಷನ್ ಶೇ. 60ಕ್ಕೆ ಇಳಿದರೆ, ಹಿಂಡಿದಾಗಿನ ಕೆಳಕೋಣೆಯ ಅಳತೆ 40 ಮಿ.ಮೀ. ಮುಟ್ಟಿದರೆ, ಅಥವಾ ಉಬ್ಬಸ ಶುರುವಾದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬೇರೆಡೆ ಸಹಜವೆನಿಸುವ ಶೇ. 60 ಇಲ್ಲಿ ಎಚ್ಚರಿಕೆಯ ಗಂಟೆ ಏಕೆ? ಕೆಳಕೋಣೆ ಹೊರಹಾಕಿದ ರಕ್ತದಲ್ಲಿ ಒಂದು ಪಾಲು ಕಡಿಮೆ ಒತ್ತಡದ ಮೇಲ್ಕೋಣೆಗೆ ಸಲೀಸಾಗಿ ಹೋಗುತ್ತಿರುವುದರಿಂದ ಅಂಕಿ ಉಬ್ಬಿರುತ್ತದೆ, ಸ್ನಾಯು ಅದಕ್ಕಿಂತ ದುರ್ಬಲವಾಗಿರುತ್ತದೆ. ಆ ಹಂತದಲ್ಲಿ ಕವಾಟವನ್ನು ಕಿತ್ತು ಕೃತಕ ಕವಾಟ ಹಾಕುವುದಕ್ಕಿಂತ ಇರುವುದನ್ನೇ ಕತ್ತರಿಸಿ ಹೊಲಿದು ದುರಸ್ತಿ ಮಾಡುವುದು ಮೇಲು, ಮತ್ತು ಪ್ರೊಲ್ಯಾಪ್ಸ್ ದುರಸ್ತಿಗೆ ಚೆನ್ನಾಗಿ ಒಗ್ಗುವ ದೋಷ.

ಎರಡನೆಯದು ಲಯದ ಅಪಾಯ. ಇಟಲಿಯ ಪಾಡುವಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಹಠಾತ್ತನೆ ಸತ್ತ ನಲವತ್ತರೊಳಗಿನ 650 ಮಂದಿಯ ಹೃದಯ ಪರೀಕ್ಷಿಸಿದಾಗ 43 ಮಂದಿಯಲ್ಲಿ ಪ್ರೊಲ್ಯಾಪ್ಸ್ ಕಂಡಿತು. ಇವರ ಪ್ಯಾಪಿಲರಿ ಸ್ನಾಯುಗಳಲ್ಲಿ, ಕವಾಟದ ಬುಡದ ಹತ್ತಿರದ ಗೋಡೆಯಲ್ಲಿ ಗಾಯದ ಕಲೆಗಳಿದ್ದವು. ಪ್ರತಿ ಬಡಿತಕ್ಕೂ ಉಬ್ಬುವ ಎಸಳು ತಂತುವನ್ನು ಜಗ್ಗುತ್ತದೆ, ತಂತು ಸ್ನಾಯುವನ್ನು ಎಳೆಯುತ್ತದೆ, ವರ್ಷಗಳ ಎಳೆತದಿಂದ ಅಲ್ಲಿ ಕಲೆ ಕಟ್ಟುತ್ತದೆ, ಆ ಕಲೆಯ ಸುತ್ತ ಅಪಾಯಕಾರಿ ವಿದ್ಯುತ್ ಸುಳಿ ಹುಟ್ಟುತ್ತದೆ ಎಂಬುದು ಅವರ ವಿವರಣೆ.

ಸುದ್ದಿಗಳಲ್ಲಿ ಹೆದರಿಕೆ ಹುಟ್ಟಿಸುವುದು ಇಂಥ ಅಂಕಿ. ಅದನ್ನು ಓದುವ ದಿಕ್ಕು ಮುಖ್ಯ. ಪಾಡುವಾದ ಎಣಿಕೆ ಶುರುವಾಗುವುದು ಸತ್ತವರಿಂದ, ಅವರಲ್ಲಿ ಎಷ್ಟು ಮಂದಿಗೆ ಪ್ರೊಲ್ಯಾಪ್ಸ್ ಇತ್ತು ಎಂದು ಅದು ಕೇಳುತ್ತದೆ. ವರದಿ ಹಿಡಿದು ಕೂತವರ ಪ್ರಶ್ನೆ ಇದರ ತಿರುಗುಮುರುಗು: ಪ್ರೊಲ್ಯಾಪ್ಸ್ ಇರುವವರಲ್ಲಿ ಎಷ್ಟು ಮಂದಿ ಹೀಗೆ ಸಾಯುತ್ತಾರೆ? ಯುವಜನರ ಹಠಾತ್ ಸಾವೇ ಅಪರೂಪ. ಪ್ರೊಲ್ಯಾಪ್ಸ್ ಇರುವವರು ನೂರಕ್ಕೆ ಇಬ್ಬರು. ಅಪರೂಪದ ಘಟನೆಯ ಒಂದು ಸಣ್ಣ ಪಾಲನ್ನು ಅಷ್ಟು ದೊಡ್ಡ ಗುಂಪಿಗೆ ಹಂಚಿದರೆ, ತಲಾ ಒಬ್ಬರಿಗೆ ಬರುವ ಅಪಾಯ ತೀರ ಕಿರಿದು.

ಅದು ಎಲ್ಲರಿಗೂ ಸಮನಾಗಿಯೂ ಹಂಚಿಲ್ಲ. ಮೇಲಿನ ಮಹಿಳೆಯ ಪಕ್ಕದಲ್ಲಿ ಇನ್ನೊಬ್ಬರನ್ನು ಇಡೋಣ. ಎರಡೂ ಎಸಳು ಉಬ್ಬಿವೆ, ದಪ್ಪ 7 ಮಿ.ಮೀ. ಇಸಿಜಿಯಲ್ಲಿ ಹೃದಯದ ಕೆಳಭಾಗವನ್ನು ತೋರಿಸುವ ಗೆರೆಗಳಲ್ಲಿ ‘ಟಿ’ ಅಲೆ ತಲೆಕೆಳಗಾಗಿದೆ. ಹೋಲ್ಟರ್‌ನಲ್ಲಿ ಕೆಳಕೋಣೆಯ ಅಕಾಲಿಕ ಬಡಿತಗಳು ಸಾವಿರಗಟ್ಟಲೆ, ನಡುವೆ ಸಾಲಾಗಿ ಬಂದ ವೇಗದ ಬಡಿತಗಳೂ ಇವೆ. ಎಕೋದಲ್ಲಿ ಕವಾಟದ ಉಂಗುರ ಕೆಳಕೋಣೆಯ ಸ್ನಾಯುವಿನಿಂದ ಬೇರ್ಪಟ್ಟಂತೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕೆ ಒಮ್ಮೆ ಓಡುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ. ಆಕೆಗೆ ಸಮಾಧಾನದ ಮಾತು ಸಾಲದು. ಸ್ನಾಯುವಿನ ಕಲೆ ಹುಡುಕುವ ಹೃದಯದ ಎಂಆರ್‌ಐ, ಹೆಚ್ಚು ಕಾಲದ ಲಯ ದಾಖಲೆ, ಲಯ ತಜ್ಞರ ಭೇಟಿ ಬೇಕು. 2022ರ ಹೇಳಿಕೆ ಬರೆದದ್ದು ಇಂಥವರಿಗಾಗಿ.

ತಜ್ಞರ ನಡುವೆ ಉಳಿದಿರುವ ಜಗಳ

ಈ ಎರಡು ತುದಿಗಳ ಬಗ್ಗೆ ವಿವಾದವಿಲ್ಲ. ಇರುವುದು ನಡುವಿನವರ ಬಗ್ಗೆ. ಉಂಗುರ ಬೇರ್ಪಟ್ಟಂತೆ ಕಂಡರೂ ಬೇರೆ ಯಾವ ಲಕ್ಷಣವೂ ಇಲ್ಲದವರನ್ನು ಏನು ಮಾಡಬೇಕು? ಎಂಆರ್‌ಐಯಲ್ಲಿ ಸಣ್ಣ ಕಲೆ ಇದ್ದು ಒಂದೂ ಅಕಾಲಿಕ ಬಡಿತ ಇಲ್ಲದವರನ್ನು? ಒಂದು ಪಕ್ಷ ಹೆಚ್ಚು ಹುಡುಕಿದರೆ ಹೆಚ್ಚು ಜೀವ ಉಳಿಯುತ್ತದೆ ಎನ್ನುತ್ತದೆ. ಇನ್ನೊಂದು ಪಕ್ಷ 1970ರ ದಶಕದ ಪಾಠ ನೆನಪಿಸುತ್ತದೆ: ಸೂಕ್ಷ್ಮ ಯಂತ್ರ ಬಂದಾಗಲೆಲ್ಲ ಸಹಜವಾದ ಸಣ್ಣ ವ್ಯತ್ಯಾಸಗಳೂ ಕಾಯಿಲೆಯ ಪಟ್ಟಿಗೆ ಸೇರುತ್ತವೆ. ಉಂಗುರದ ಅಲ್ಪಸ್ವಲ್ಪ ಬೇರ್ಪಡಿಕೆ ಆರೋಗ್ಯವಂತರಲ್ಲೂ ಸಾಕಷ್ಟು ಕಾಣುತ್ತಿರುವುದು ಈ ಎರಡನೆಯ ವಾದಕ್ಕೆ ಬಲ ಕೊಡುತ್ತದೆ. ನನಗೂ ಇದೇ ಹೆಚ್ಚು ಸರಿ ಅನಿಸುತ್ತದೆ. ಪ್ರಜ್ಞೆ ತಪ್ಪಿದ ಇತಿಹಾಸ, ಇಸಿಜಿ ಬದಲಾವಣೆ, ಹೋಲ್ಟರ್‌ನ ಫಲಿತಾಂಶ ಈ ಮೂರು ದಾರಿ ತೋರಿದ ಮೇಲೆ ಎಂಆರ್‌ಐಗೆ ಹೋಗುವುದು ವಿವೇಕ. ಪ್ರೊಲ್ಯಾಪ್ಸ್ ಎಂಬ ಹೆಸರು ಕಂಡವರನ್ನೆಲ್ಲ ಅಲ್ಲಿಗೆ ಕಳಿಸುವುದಲ್ಲ.

ಆಂಟಿಬಯಾಟಿಕ್ ವಿಷಯದಲ್ಲಿ ಗೊಂದಲ ಕಡಿಮೆ. ಕವಾಟದ ಸೋಂಕು ತಡೆಯಲು ಹಲ್ಲಿನ ಚಿಕಿತ್ಸೆಗೆ ಮೊದಲು ಒಂದು ಡೋಸ್ ಕೊಡುತ್ತಿದ್ದರು. ಆದರೆ ಹಲ್ಲುಜ್ಜುವಾಗ, ಅಗಿಯುವಾಗ ಪ್ರತಿದಿನವೂ ಬ್ಯಾಕ್ಟೀರಿಯಾ ರಕ್ತ ಸೇರುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆಯ ಡೋಸ್ ಅದನ್ನು ತಡೆಯಲಾರದು ಎಂಬ ತರ್ಕದ ಮೇಲೆ 2007ರ ಬದಲಾವಣೆ ಆಯಿತು. ಕೃತಕ ಕವಾಟ ಇರುವವರಿಗೆ, ಹಿಂದೆ ಕವಾಟದ ಸೋಂಕು ಆದವರಿಗೆ, ಹುಟ್ಟಿನಿಂದ ಬಂದ ಕೆಲವು ಹೃದಯದೋಷ ಇರುವವರಿಗೆ ಸಲಹೆ ಉಳಿದಿದೆ. ಪ್ರೊಲ್ಯಾಪ್ಸ್ ಆ ಪಟ್ಟಿಯಲ್ಲಿಲ್ಲ. ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟ ಬೇರೆಯದೇ ಕಾಯಿಲೆ. ಅದಕ್ಕೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಬೇಕಾಗುತ್ತದೆ. ಎರಡೂ ‘ಮೈಟ್ರಲ್ ಕವಾಟದ ತೊಂದರೆ’ ಆದ ಕಾರಣಕ್ಕೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ಹೋಗಬಾರದು.

ಸಮಾಧಾನ ಹೇಳುವುದೂ ಒಂದು ಚಿಕಿತ್ಸೆ, ಅದಕ್ಕೂ ಕ್ರಮವಿದೆ

‘ಏನೂ ಇಲ್ಲ ಹೋಗಿ’ ಎಂದು ಎರಡು ಸೆಕೆಂಡಿನಲ್ಲಿ ಮುಗಿಸಿದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಕೈಯಲ್ಲಿರುವ ಕಾಗದ ಬೇರೆಯದನ್ನೇ ಹೇಳುತ್ತಿರುತ್ತದೆ. ರೋಗಿ ಮನೆಗೆ ಹೋಗಿ ಆ ಹೆಸರು ಹುಡುಕುತ್ತಾರೆ, ಹಠಾತ್ ಸಾವಿನ ಸುದ್ದಿ ಸಿಗುತ್ತದೆ. ಆತಂಕದಿಂದ ಎದೆಬಡಿತ ಹೆಚ್ಚುತ್ತದೆ, ಹೆಚ್ಚಿದ ಬಡಿತ ಕವಾಟ ಕೆಡುತ್ತಿದೆ ಎಂಬುದಕ್ಕೆ ಸಾಕ್ಷಿಯಂತೆ ಕಾಣುತ್ತದೆ. ಆಟ ಬಿಡುತ್ತಾರೆ, ಮೆಟ್ಟಿಲು ಹತ್ತಲು ಅಂಜುತ್ತಾರೆ, ದೇಹದ ಕಸುವು ಇಳಿದು ಸಣ್ಣ ಶ್ರಮಕ್ಕೂ ಎದೆ ಬಡಿದುಕೊಳ್ಳುತ್ತದೆ. ಕವಾಟ ಮಾಡದ ಹಾನಿಯನ್ನು ಅದರ ಹೆಸರು ಮಾಡಿರುತ್ತದೆ.

ಸಮಾಧಾನ ನಿಲ್ಲುವುದು ಅದಕ್ಕೆ ಕಾರಣ ಕೊಟ್ಟಾಗ. ನಿಮ್ಮ ಎಸಳು ಇಷ್ಟು ಉಬ್ಬಿದೆ, ದಪ್ಪ ಇಷ್ಟು, ಸೋರಿಕೆ ಇಷ್ಟು, ಕೋಣೆಗಳ ಗಾತ್ರ ಸಹಜ, ಇಸಿಜಿ ಸಹಜ, ಆದ್ದರಿಂದ ಹೆದರಬೇಕಿಲ್ಲ ಎಂದು ಬಿಡಿಸಿ ಹೇಳಬೇಕು. ಯಾವಾಗ ಮರಳಿ ಬರಬೇಕೆಂಬುದನ್ನೂ ಹೇಳಬೇಕು. ಶ್ರಮದ ನಡುವೆ ಪ್ರಜ್ಞೆ ತಪ್ಪಿದರೆ ಅದೇ ದಿನ ಬರಬೇಕು. ಇದ್ದಕ್ಕಿದ್ದಂತೆ ಮಲಗಲಾಗದಷ್ಟು ಉಬ್ಬಸ ಬಂದರೆ ತಡಮಾಡದೆ ಬರಬೇಕು, ಅದು ತಂತು ಹರಿದದ್ದರ ಲಕ್ಷಣವಾಗಿರಬಹುದು. ಕಾರಣ ತಿಳಿಯದ ಜ್ವರ ವಾರಗಟ್ಟಲೆ ಬಿಡದಿದ್ದರೆ ಕವಾಟದ ವಿಷಯವನ್ನು ವೈದ್ಯರಿಗೆ ಹೇಳಬೇಕು. ಮಧ್ಯಮ ಸೋರಿಕೆ ಇದ್ದವರು ಒಂದೆರಡು ವರ್ಷಕ್ಕೊಮ್ಮೆ, ತೀವ್ರ ಸೋರಿಕೆ ಇದ್ದವರು ಆರು ತಿಂಗಳಿಂದ ಒಂದು ವರ್ಷದೊಳಗೆ ಎಕೋ ಮಾಡಿಸಬೇಕಾಗುತ್ತದೆ.

1980ರ ದಶಕದಲ್ಲಿ, ಹಳೆಯ ಮಾನದಂಡದ ಮೇಲೆ, ನಾಲ್ಕು ಕೋಣೆಯ ಕೋನ ನೋಡಿ ಈ ಹೆಸರು ಪಡೆದವರು ಈಗ ನಡುವಯಸ್ಸು ದಾಟಿದ್ದಾರೆ. ಅವರ ಕಡತದಲ್ಲಿ ಆ ಸಾಲು ಇನ್ನೂ ಇದೆ, ವಿಮಾ ಅರ್ಜಿಯಲ್ಲೂ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯಲ್ಲೂ ಅದನ್ನು ಬರೆಯುತ್ತಾ ಬಂದಿದ್ದಾರೆ. ಇಂದಿನ ಅಳತೆಯಲ್ಲಿ ಒಂದು ಎಕೋ ಮಾಡಿಸಿ, ಎಸಳು ಉದ್ದಕೋನದಲ್ಲಿ ಎಷ್ಟು ಮಿಲಿಮೀಟರ್ ಉಬ್ಬಿದೆ ಎಂದು ಕೇಳಿದರೆ, ಅವರಲ್ಲಿ ಹಲವರ ಹೆಸರಿನ ಮುಂದಿನ ಆ ಕಾಯಿಲೆಯನ್ನು ಅಳಿಸಿಹಾಕಬಹುದು.